ವಾರದ ಕಾಮಗಾರಿ ವರದಿ: ತಾರಸಿ ತಡವಾದ ಕಾರಣ ಮತ್ತು ಬದಲಾದ ದಿನಾಂಕಗಳು

ಮಾನ್ಯರೇ,

ಜೂನ್ 28ಕ್ಕೆ ಮುಗಿದ ವಾರದ ವರದಿ ಇದು. ಜೂನ್ 9ಕ್ಕೆ ನಿಗದಿಯಾಗಿದ್ದ ನೆಲ ಅಂತಸ್ತಿನ ತಾರಸಿಯ ಕಾಂಕ್ರೀಟ್ ಮಳೆಯಿಂದಾಗಿ ಜೂನ್ 21ರಂದು ಮುಗಿಯಿತು. ಈ ವಿಳಂಬದಿಂದ ತಮಗಾದ ತೊಂದರೆಗೆ ವಿಷಾದಿಸುತ್ತೇವೆ.

ನಡುವೆ ಮಳೆ ಬಿಟ್ಟ ದಿನಗಳೂ ಇದ್ದವಲ್ಲ ಎಂದು ತಾವು ಕೇಳಿದ್ದು ಸರಿ. ಆದರೆ ತಾರಸಿಯನ್ನು ಬೆಳಿಗ್ಗೆ ಆರಂಭಿಸಿದರೆ ಒಂದೇ ಪಟ್ಟಿಗೆ ಮುಗಿಸಬೇಕು. ಮಳೆ ಬಂತೆಂದು ಅರ್ಧಕ್ಕೆ ನಿಲ್ಲಿಸಿ ಮರುದಿನ ಮುಂದುವರಿಸಿದರೆ ಹಳೆಯ ಮತ್ತು ಹೊಸ ಕಾಂಕ್ರೀಟ್ ಕೂಡುವ ಜಾಗದಲ್ಲೇ ಮುಂದೆ ನೀರು ಜಿನುಗುತ್ತದೆ. ಜೊತೆಗೆ, ನೆನೆದ ಎಂ-ಸ್ಯಾಂಡ್ ತನ್ನೊಳಗೇ ನೀರು ಹಿಡಿದಿರುವುದರಿಂದ ಮಿಕ್ಸರ್‌ಗೆ ಹಾಕುವ ನೀರಿನ ಲೆಕ್ಕ ತಪ್ಪಿ, ಕಾಂಕ್ರೀಟ್ ತೆಳುವಾಗಿ ಬಲ ಕಳೆದುಕೊಳ್ಳುತ್ತದೆ.

ಇನ್ನು ಈ ವಾರ ಪದೇ ಪದೇ ಕೇಳಿಬಂದ ಮಾತು: "ತಾರಸಿ ಹಾಕಿದ ಮೇಲೆ ಆಳುಗಳೇ ಕಾಣುತ್ತಿಲ್ಲ, ಪಕ್ಕದ ಕಟ್ಟಡದಲ್ಲಿ ಹತ್ತೇ ದಿನಕ್ಕೆ ಸೆಂಟ್ರಿಂಗ್ ಬಿಚ್ಚಿದರು." ಪಕ್ಕದ ಕಟ್ಟಡದ ಹಾಲ್ ಎಷ್ಟು ಅಗಲವೋ ನಮಗೆ ತಿಳಿಯದು, ತಮ್ಮದು ಮಾತ್ರ 16 ಅಡಿ. ಐಎಸ್ 456 ಸಂಹಿತೆಯ ಪ್ರಕಾರ, ಸಾಮಾನ್ಯ ಸಿಮೆಂಟ್ ಬಳಸಿದಾಗ 4.5 ಮೀಟರ್‌ವರೆಗಿನ, ಅಂದರೆ ಸುಮಾರು ಹದಿನಾಲ್ಕೂಮುಕ್ಕಾಲು ಅಡಿವರೆಗಿನ ತಾರಸಿಯ ಜಾಕಿಗಳನ್ನು ಕನಿಷ್ಠ 7 ದಿನ, ಅದಕ್ಕಿಂತ ಅಗಲವಾದುದರ ಜಾಕಿಗಳನ್ನು ಕನಿಷ್ಠ 14 ದಿನ ಇಡಬೇಕು. ತಮ್ಮ ಮನೆಗೆ ಬಳಸಿರುವುದು ನಿಧಾನವಾಗಿ ಬಲಗೊಳ್ಳುವ ಪಿಪಿಸಿ ಸಿಮೆಂಟ್ ಆದ್ದರಿಂದ, 11 ಅಡಿಯ ಕೋಣೆಗಳಿಗೆ 10 ದಿನ, ಹಾಲ್‌ಗೆ 18 ದಿನ ಎಂದು ನಾವೇ ಹೆಚ್ಚಿಸಿಕೊಂಡಿದ್ದೇವೆ. ಅವಸರದಲ್ಲಿ ಜಾಕಿ ತೆಗೆದರೆ ತಾರಸಿ ಬೀಳಲಿಕ್ಕಿಲ್ಲ, ಆದರೆ ನಡುವೆ ಕೂದಲೆಳೆಯಷ್ಟು ಜೋತುಬಿದ್ದು ತಳಭಾಗದಲ್ಲಿ ಸಣ್ಣ ಬಿರುಕು ಮೂಡುತ್ತದೆ. ಗಾರೆ ಮೆತ್ತಿದರೂ ಕೆಲವು ತಿಂಗಳಲ್ಲಿ ಅದೇ ಗೆರೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಶೀಟು, ಜಾಕಿಗಳ ಬಾಡಿಗೆಯನ್ನು ದಿನಲೆಕ್ಕದಲ್ಲಿ ಕಟ್ಟುತ್ತಿರುವವರು ನಾವು. ಒಪ್ಪಂದದಂತೆ ಅದರ ಒಂದು ರೂಪಾಯಿಯೂ ತಮ್ಮ ಬಿಲ್ಲಿಗೆ ಸೇರುವುದಿಲ್ಲ. ಹಾಗಿರುವಾಗ, ದುಡ್ಡು ಉಳಿಸಲು ಕೆಲಸ ಎಳೆಯುತ್ತಿದ್ದಾರೆ ಎಂಬ ಮಾತು ನಮ್ಮ ಮೇಸ್ತ್ರಿಗೂ ನೋವುಂಟುಮಾಡಿದೆ. ಆಳುಗಳು ಕಡಿಮೆಯಿದ್ದರೂ ತಾರಸಿಯ ಮೇಲೆ ಪಾತಿ ಕಟ್ಟಿ ನಿಲ್ಲಿಸಿದ ನೀರನ್ನು ದಿನಕ್ಕೆರಡು ಬಾರಿ ನೋಡಿಕೊಳ್ಳಲಾಗುತ್ತಿದೆ. ಮಳೆ ಬರುತ್ತದೆಂದು ಆ ಕೆಲಸ ಬಿಟ್ಟಿಲ್ಲ.

ಕೋಣೆಗಳ ಸೆಂಟ್ರಿಂಗನ್ನು ಜುಲೈ 1ರಂದು ಬಿಚ್ಚಿ, ಮರುದಿನವೇ ಅಲ್ಲಿ ಒಳಗಾರೆ ಆರಂಭಿಸುತ್ತೇವೆ. ಹಾಲ್‌ನದು ಜುಲೈ 9ಕ್ಕೆ. ಅಲ್ಲಿಯವರೆಗೆ ಹಾಲ್‌ನ ಮೇಲೆ ಇಟ್ಟಿಗೆ ಪೇರಿಸುವುದಿಲ್ಲವಾದ್ದರಿಂದ ಮೊದಲ ಅಂತಸ್ತಿನ ಗೋಡೆ ಜೂನ್ 25ರ ಬದಲು ಜುಲೈ 11ಕ್ಕೆ ಶುರುವಾಗುತ್ತದೆ. ಒಳಗಾರೆ ಜೊತೆಜೊತೆಗೆ ಸಾಗುವುದರಿಂದ ಈ ಹದಿನಾರು ದಿನಗಳಲ್ಲಿ ನಾಲ್ಕನ್ನು ಉಳಿಸಬಹುದು. ಮನೆ ಒಪ್ಪಿಸುವ ದಿನ ನವೆಂಬರ್ 10ರಿಂದ 22ಕ್ಕೆ ಹೋಗುತ್ತದೆ. ಮೊದಲ ಅಂತಸ್ತಿನ ತಾರಸಿಯ ವೇಳೆಗೂ ಮಳೆ ಹಿಡಿದರೆ ಆ ವಾರದ ವರದಿಯಲ್ಲೇ ತಿಳಿಸುತ್ತೇವೆ. ಗೃಹಪ್ರವೇಶದ ಮುಹೂರ್ತವನ್ನು ನವೆಂಬರ್ 22ಕ್ಕಿಂತ ಮೊದಲು ಇಡಿಸದಿರಲು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾಮಗಾರಿ ಉಸ್ತುವಾರಿ