ಪ್ರಬಂಧ ತಿದ್ದುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬಿ.ಎ. ಎರಡನೇ ವರ್ಷದವರು ಮಂಡ್ಯ ನೀರಾವರಿ ಪ್ರಬಂಧವನ್ನು ಶುಕ್ರವಾರದೊಳಗೆ ತಿದ್ದಿ ಕೊಡಬೇಕು.

ಒಂದು ಪ್ರಬಂಧ ತಲಕಾವೇರಿಯಲ್ಲಿ ಶುರುವಾಗಿ, ಬೃಂದಾವನ ಸುತ್ತಿ, ಕೊನೇ ಪುಟದಲ್ಲಿ ‘ನಾಲೆ ನೀರಿನಿಂದಲೇ 1933ರ ಸಕ್ಕರೆ ಕಾರ್ಖಾನೆ ಸಾಧ್ಯವಾಯಿತು’ ಅಂದಿತ್ತು. ಮುಖ್ಯ ವಾದ ಅದೇ ಅಲ್ವಾ? ಮೊದಲ ಪ್ಯಾರಾಕ್ಕೆ ತನ್ನಿ. ಆಮೇಲೆ ಪ್ರತಿ ಪ್ಯಾರಾದ ಪಕ್ಕ ಅದರ ತಿರುಳನ್ನು ಒಂದು ಸಾಲಲ್ಲಿ ಬರೆಯಿರಿ. ವಾದಕ್ಕೆ ಅಂಟದಿದ್ದರೆ ಆ ಪ್ಯಾರಾ ತೆಗೆಯಿರಿ. ಬೃಂದಾವನ ಎಷ್ಟೇ ಚೆನ್ನಾಗಿದ್ದರೂ ಹೋಗಲಿ. ಅಂಟಿದರೆ ಆ ಸಾಲೇ ಪ್ಯಾರಾದ ಮೊದಲ ವಾಕ್ಯ: ‘ಮಳೆ ನಂಬಿದ ಹೊಲದಲ್ಲಿ ಕಬ್ಬಿಗೆ ಬೇಕಾದಷ್ಟು ನೀರಿರಲಿಲ್ಲ.’

ಮುಕ್ತಾಯದಲ್ಲಿ ‘ಹೀಗೆ ನೀರಾವರಿ ಬಹಳ ಮುಖ್ಯ’ ಅಂತ ಸುಮ್ನೆ ಜಾರಬೇಡಿ. ನೀರು, ಕಬ್ಬು, ಕಾರ್ಖಾನೆ ಹೇಗೆ ಒಂದಕ್ಕೊಂದು ಕೂಡಿದವು ಅಂತ ಎರಡೇ ವಾಕ್ಯದಲ್ಲಿ ಹೇಳಿ ನಿಲ್ಲಿಸಿ. ಹೊಸ ವಿಷಯ ತರಬೇಡಿ.

ನಿಮ್ಮ ಒಂದು ಸಾಲಿನ ವಾದವನ್ನು ನಾಳೆ ಸಂಜೆಯೊಳಗೆ ಇಲ್ಲೇ ಹಾಕಿ.