ಒಂದು ಬ್ಯಾಂಕಿನ ಪಾವತಿ ಬಹುತೇಕ ನಿಂತರೂ ಎಚ್ಚರಿಸದ ಪೇಮೆಂಟ್ ಗೇಟ್‌ವೇ ಕಂಪನಿಗೆ ದೂರು

ಇವರಿಗೆ,
ನೋಡಲ್ ಅಧಿಕಾರಿಗಳು, ಗ್ರಾಹಕರ ದೂರು ವಿಭಾಗ

ವಿಷಯ: ಎಳ್ಳ ಅಮಾವಾಸ್ಯೆ ಮರುದಿನ ಒಂದೇ ಬ್ಯಾಂಕಿನ ಯುಪಿಐ ಪಾವತಿಗಳು ಸಾಲಾಗಿ ಫೇಲ್ ಆದದ್ದು

ಮಾನ್ಯರೆ,

ನಾನು ಕಲಬುರಗಿಯಿಂದ ಬೆಂಗಳೂರಿಗೆ, ಪುಣೆಗೆ ರಾತ್ರಿ ಬಸ್ ಓಡಿಸುತ್ತೇನೆ. ನಮ್ಮ ವೆಬ್‌ಸೈಟಿನ ಟಿಕೆಟ್ ಹಣವೆಲ್ಲ ನಿಮ್ಮ ಗೇಟ್‌ವೇ ಮೂಲಕವೇ ಬರುತ್ತದೆ. ಎಷ್ಟು ಸಲ ಫೋನ್ ಮಾಡಿದರೂ ದೂರಿನ ನಂಬರ್ ಸಿಕ್ಕಿತೇ ಹೊರತು ಉತ್ತರ ಸಿಗಲಿಲ್ಲ. ಅದಕ್ಕೇ ಈ ಪತ್ರ.

ಹೊಲದಲ್ಲಿ ಚರಗ ಚೆಲ್ಲಲು ಊರಿಗೆ ಬಂದವರೆಲ್ಲ ಮರುದಿನ ಸಂಜೆ ವಾಪಸ್ ಹೊರಡುತ್ತಾರೆ. ಅವತ್ತು 6ರಿಂದ 9 ಗಂಟೆಯೊಳಗೆ ನಮ್ಮಲ್ಲಿ 400 ಪಾವತಿ ಪ್ರಯತ್ನಗಳಾದವು. ಮಾಮೂಲಿ ಲೆಕ್ಕದಲ್ಲಿ 100ಕ್ಕೆ 86 ಪಾಸಾಗುತ್ತವೆ, ಅಂದರೆ 344 ಆಗಬೇಕಿತ್ತು. ಆಗಿದ್ದು 323. ಶೇಕಡಾ 81ಕ್ಕೆ ಇಳಿಯಿತು. ನಿಮ್ಮ ಅಲರ್ಟ್ ಹೊಡೆದುಕೊಳ್ಳುವುದು 75ಕ್ಕಿಂತ ಕೆಳಗೆ ಬಂದರೆ ಮಾತ್ರ. ಹಾಗಾಗಿ ನಿಮ್ಮ ಪಾಲಿಗೆ ಏನೂ ಆಗಿರಲಿಲ್ಲ.

ಅದೇ ಲೆಕ್ಕವನ್ನು ಬ್ಯಾಂಕುವಾರು ಬಿಡಿಸಿ ನೋಡಿ. ಕಡಿಮೆಯಾದ 21 ಪಾವತಿಗಳೂ ಒಂದೇ ಬ್ಯಾಂಕಿನವು. ಆ ಬ್ಯಾಂಕಿನಿಂದ ಬಂದ 28 ಪ್ರಯತ್ನಗಳಲ್ಲಿ ಬೇರೆ ದಿನವಾದರೆ 24 ಪಾಸಾಗುತ್ತಿದ್ದವು. ಅವತ್ತು ಮೂರೇ ಆದವು. ಜೇವರ್ಗಿ, ಅಫಜಲಪುರ ಕಡೆಯ ಹಳ್ಳಿಗಳಲ್ಲಿ ಬಹಳ ಮಂದಿಯ ಖಾತೆ ಇರುವುದು ಅಲ್ಲೇ. ಉಳಿದ ಬ್ಯಾಂಕುಗಳೆಲ್ಲ ಚೆನ್ನಾಗಿ ನಡೆಯುತ್ತಿದ್ದುದರಿಂದ ಈ ಒಂದರ ಗೋಳು ಸರಾಸರಿಯೊಳಗೆ ಮುಚ್ಚಿಹೋಯಿತು.

ಕೌಂಟರಿನಲ್ಲಿ ಆದದ್ದನ್ನು ಹೇಳಲೇಬೇಕು. ಜೇವರ್ಗಿ ಕಡೆಯ ಅಜ್ಜ ಒಬ್ಬರು ಸೊಸೆ, ಮೊಮ್ಮಗುವಿನ ಜೊತೆ ಬಂದು ಫೋನ್ ಮುಂದೆ ಹಿಡಿದರು. "ರೊಕ್ಕ ಹೋಗ್ಯಾವಲ್ರಿ ಸಾಹುಕಾರ್ರ, ಸೀಟ್ ಎಲ್ಲಿ?" ಅಂದರು. ಖಾತೆಯಿಂದ ಹಣ ಕಡಿತವಾದ ಮೆಸೇಜ್ ಇತ್ತು. ನಮ್ಮಲ್ಲಿ ಪಾವತಿ ಬಂದಿರಲಿಲ್ಲ. ಹತ್ತು ನಿಮಿಷ ಕಾದು ಸಿಸ್ಟಮ್ ಆ ಸೀಟು ಬಿಟ್ಟುಕೊಟ್ಟಿತ್ತು, ಬೇರೆಯವರು ತೆಗೆದುಕೊಂಡೂ ಆಗಿತ್ತು. ನಾನು ಅವರ ಎದುರೇ ಸ್ಪೀಕರ್ ಹಾಕಿ ನಿಮ್ಮ ಸಪೋರ್ಟಿಗೆ ಫೋನ್ ಮಾಡಿದೆ.

"ಸರ್, ನಿಮ್ಮ ಸಕ್ಸಸ್ ರೇಟ್ ನಾರ್ಮಲ್ ಇದೆ."
"ಒಂದು ಬ್ಯಾಂಕಿನದು ಮಾತ್ರ ನೋಡಿ ಹೇಳ್ರಿ."
"ಹಾಗೆ ನಮಗೆ ಕಾಣಿಸಲ್ಲ ಸರ್. ಕಸ್ಟಮರ್ ಪಿನ್ ತಪ್ಪು ಹಾಕಿರಬಹುದು."
"ಪಿನ್ ತಪ್ಪಾದರೆ ರೊಕ್ಕ ಹೆಂಗ್ ಹೋಗ್ತದ್ರಿ?"
"ಏಳು ವರ್ಕಿಂಗ್ ದಿನ ಕಾಯಲು ಹೇಳಿ ಸರ್. ಅವರಿಗೆ ಫೋನ್ ಬಳಸೋಕೆ ಬರುತ್ತಾ?"

ಅಜ್ಜ ಎಲ್ಲ ಕೇಳಿಸಿಕೊಂಡರು. ಸೊಸೆ ತಲೆ ತಗ್ಗಿಸಿದಳು. ಸುತ್ತ ನಿಂತ ಮಂದಿ ನನ್ನನ್ನು ಮೋಸಗಾರನ ಹಾಗೆ ನೋಡಿದರು.

ಪಿನ್ ತಪ್ಪೋ ಅಲ್ಲವೋ ಅಂತ ಊಹೆ ಮಾಡುವ ಅಗತ್ಯವೇ ಇರಲಿಲ್ಲ. ಪಾವತಿ ಯಾಕೆ ಫೇಲ್ ಆಯಿತು ಅಂತ ಹೇಳುವ ಕೋಡ್ ನಿಮ್ಮ ಹತ್ತಿರವೇ ಇದೆ. ZM ಅಂದರೆ ತಪ್ಪು ಪಿನ್, Z9 ಅಂದರೆ ಖಾತೆಯಲ್ಲಿ ಹಣ ಸಾಲದು. ಇವು ಗ್ರಾಹಕರ ಕಡೆಯವು, ದಿನಾ ಇದ್ದೇ ಇರುತ್ತವೆ. ನಾನು ಡೌನ್‌ಲೋಡ್ ಮಾಡಿದ ಪಟ್ಟಿಯಲ್ಲಿ ಹೆಚ್ಚಿನವು U67, ಅಂದರೆ ಡೆಬಿಟ್ ಟೈಮ್‌ಔಟ್. ಬ್ಯಾಂಕು ಹೊತ್ತಿಗೆ ಸರಿಯಾಗಿ ಉತ್ತರ ಕೊಡಲಿಲ್ಲ ಅಂತ. ಒಂದೇ ಬ್ಯಾಂಕಿನ ಮುಂದೆ ಈ ಕೋಡ್ ಸಾಲುಗಟ್ಟಿದರೆ ಆ ಬ್ಯಾಂಕಿನಲ್ಲಿ ತೊಂದರೆ ಇದೆ ಎಂದೇ ಅರ್ಥ, ಅಲ್ವಾ?

ಆಮೇಲೆ ನಿಮ್ಮ ಮ್ಯಾನೇಜರ್ "ಆ ಬ್ಯಾಂಕಿನ ನಿಮ್ಮ ಪಾವತಿ ತುಂಬಾ ಕಡಿಮೆ, ಅಷ್ಟಕ್ಕೆ ಅಲರ್ಟ್ ಇಡಕ್ಕಾಗಲ್ಲ" ಅಂದರು. ಅವರ ಮಾತು ಅರ್ಧ ನಿಜ. ನನ್ನಲ್ಲಿ 15 ನಿಮಿಷಕ್ಕೆ ಆ ಬ್ಯಾಂಕಿನಿಂದ ಬರುವುದು ಎರಡು ಪ್ರಯತ್ನ. ಎರಡೂ ಫೇಲ್ ಆದರೆ ಅದರಿಂದ ಏನೂ ಹೇಳಲಿಕ್ಕೆ ಬರುವುದಿಲ್ಲ. ಆದರೆ ನನ್ನಂಥ ಎಲ್ಲ ವ್ಯಾಪಾರಿಗಳ ಪಾವತಿಯೂ ನಿಮ್ಮ ಕಣ್ಣ ಮುಂದೆ ಹರಿಯುತ್ತದೆ. ಎಲ್ಲರದನ್ನೂ ಸೇರಿಸಿ ಆ ಬ್ಯಾಂಕಿನ ಯುಪಿಐಯನ್ನು ಮಾತ್ರ ನೋಡಿದ್ದರೆ ಮೊದಲ 15 ನಿಮಿಷದಲ್ಲೇ ಕುಸಿತ ಕಾಣುತ್ತಿತ್ತು. ನಾನು ನೋಡಲಾಗದ್ದನ್ನು ನೀವು ನೋಡಬಲ್ಲಿರಿ. ಕಮಿಷನ್ ಕೊಡುವುದು ಅದಕ್ಕೂ ಸೇರಿಯೇ.

ಪ್ರತಿ ಬ್ಯಾಂಕು, ಪ್ರತಿ ಪಾವತಿ ವಿಧಾನಕ್ಕೂ ಬೇರೆ ಬೇರೆ ಅಲರ್ಟ್ ಇಡಿ. ಆ ಬ್ಯಾಂಕಿನ ಮಾಮೂಲಿ ಮಟ್ಟಕ್ಕೇ ಅದನ್ನು ಹೋಲಿಸಿ, ಎಲ್ಲಕ್ಕೂ ಒಂದೇ 75 ಬೇಡ. ಬಿದ್ದ ತಕ್ಷಣ ನಮಗೆ ಮೆಸೇಜ್ ಕಳಿಸಿ, ಪಾವತಿ ಪುಟದಲ್ಲಿ "ಈ ಬ್ಯಾಂಕಿನಲ್ಲಿ ಸದ್ಯ ತೊಂದರೆ ಇದೆ" ಅಂತ ತೋರಿಸಿ. ಅಜ್ಜ ಅದನ್ನು ನೋಡಿದ್ದರೆ ಸೊಸೆಯ ಬೇರೆ ಖಾತೆಯಿಂದ ಕಟ್ಟುತ್ತಿದ್ದರು, ಸೀಟೂ ಉಳಿಯುತ್ತಿತ್ತು.

ಇನ್ನು ಆ ಏಳು ವರ್ಕಿಂಗ್ ದಿನದ ಮಾತು. ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿಯಲ್ಲಿ ಹಣ ಕಡಿತವಾಗಿ ಖಾತ್ರಿ ಬರದಿದ್ದರೆ ಐದು ದಿನದೊಳಗೆ ತಾನಾಗಿ ವಾಪಸಾಗಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ನಿಮ್ಮ ಸಿಬ್ಬಂದಿಗೆ ಇದು ಗೊತ್ತಿರಬೇಕಿತ್ತು.

15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ವಕೀಲರ ನೋಟಿಸ್ ಬರುತ್ತದೆ. ಆ ಕರೆಯ ರೆಕಾರ್ಡಿಂಗ್ ಅಳಿಸಬೇಡಿ, ಕೇಳುತ್ತೇವೆ. ಬೇರೆ ಗೇಟ್‌ವೇ ಜೊತೆ ಮಾತುಕತೆ ಶುರುವಾಗಿದೆ. ಇಲ್ಲಿನ ಉಳಿದ ಟ್ರಾವೆಲ್ಸ್‌ನವರಿಗೂ ಈ ಪಟ್ಟಿಯ ಪ್ರತಿ ಕೊಡುತ್ತಿದ್ದೇನೆ.

ಇಂತಿ,
ಬಸ್ ಮಾಲೀಕ, ಕಲಬುರಗಿ