ಬ್ರೇಕಿಂಗ್ ವೀಡಿಯೊಗಳ ಗಂಟೆವಾರು ಲೆಕ್ಕ: ಡೆಸ್ಕ್ ಮತ್ತು ಡಿಜಿಟಲ್ ತಂಡಕ್ಕೆ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಪ್ರತಿ ಬ್ರೇಕಿಂಗ್ ವೀಡಿಯೊದ ಅರ್ಧಾಯುಷ್ಯ ಅಳೆಯೋಣ. ಅಂದರೆ, ಏಳು ದಿನದ ಒಟ್ಟು ವೀಕ್ಷಣೆಯಲ್ಲಿ ಅರ್ಧ ಬರಲು ಎಷ್ಟು ಗಂಟೆ ಬೇಕಾಯಿತು ಅನ್ನೋ ಲೆಕ್ಕ.

ಉದಾಹರಣೆಗೆ, ಬೆಳಿಗ್ಗೆ 9ಕ್ಕೆ ಹಾಕಿದ ವೀಡಿಯೊಗೆ ಏಳು ದಿನದಲ್ಲಿ 60,000 ಬಂತು ಅಂದುಕೊಳ್ಳಿ. ಐದನೇ ಗಂಟೆ ಮುಗಿದಾಗ 27,000, ಆರನೇ ಗಂಟೆಗೆ 31,000 ಇತ್ತು. 30,000 ದಾಟಿದ್ದು ಸುಮಾರು 5 ಗಂಟೆ 45 ನಿಮಿಷಕ್ಕೆ. ಅದೇ ಅರ್ಧಾಯುಷ್ಯ. ಮೂರನೇ ಗಂಟೆಗೆ 20,000 ಇದ್ದರೆ, ಒಟ್ಟು ಅದರ ಮೂರು ಪಟ್ಟು.

ಈ ಪಟ್ಟು ಪ್ರತಿ ವೀಡಿಯೊಗೂ ಬೇರೆ ಬರುತ್ತದೆ. ಹಾಗಾಗಿ ಸರಾಸರಿ ಬೇಡ, ಎಲ್ಲವನ್ನೂ ಸಾಲಾಗಿಟ್ಟು ನಡುವಿನದನ್ನು ತೆಗೆದುಕೊಳ್ಳೋಣ. ವೈರಲ್ ಆದ ಒಂದೇ ವೀಡಿಯೊ ಸರಾಸರಿಯನ್ನು ಎಲ್ಲಿಗೋ ಎಳೆದುಬಿಡುತ್ತದೆ. ಹೊಸ ವೀಡಿಯೊದ ಮೂರನೇ ಗಂಟೆಯ ಅಂಕಿಯನ್ನು ಆ ನಡುವಿನ ಪಟ್ಟಿನಿಂದ ಗುಣಿಸಿದರೆ ಏಳು ದಿನದ ಒಟ್ಟು ಎಷ್ಟಾಗಬಹುದು ಅನ್ನೋ ಅಂದಾಜು ಸಿಗುತ್ತದೆ.

ಶಿಫ್ಟ್‌ನಲ್ಲಿರುವವರು 1, 3, 6, 12, 24ನೇ ಗಂಟೆಯ ಅಂಕಿಯನ್ನು ಶೀಟ್‌ಗೆ ಹಾಕಿ. ಆಮೇಲೆ ನೋಡೋಣ ಅಂತ ಬಿಡಬೇಡಿ, ಯೂಟ್ಯೂಬ್ ಸ್ಟುಡಿಯೋದ ರಿಯಲ್‌ಟೈಮ್ ಕಾರ್ಡ್ ಕೊನೆಯ 48 ಗಂಟೆಯನ್ನಷ್ಟೇ ತೋರಿಸುತ್ತದೆ. ರಾತ್ರಿ 11ರ ನಂತರ ಹಾಕಿದ್ದಕ್ಕೆ ಬೇರೆ ಹಾಳೆ ಇದೆ. ಜನ ಮಲಗಿರುವಾಗಿನ ಮೊದಲ ಗಂಟೆಗಳನ್ನು ಬೆಳಗಿನದರ ಜೊತೆ ಹೋಲಿಸಿದರೆ ಅಂದಾಜು ಕೆಡುತ್ತದೆ, ಅಲ್ವಾ? ಲೈವ್‌ಗಳನ್ನು ಸೇರಿಸಲೇಬೇಡಿ.

ಸುದ್ದಿಯಲ್ಲಿ ಹೊಸ ಬೆಳವಣಿಗೆ ಆಗಿ ಹಳೆ ವೀಡಿಯೊ ಮತ್ತೆ ಏರಿದರೆ, ಅಥವಾ ನೀವು ಥಂಬ್‌ನೇಲ್ ಬದಲಿಸಿದರೆ, ಸಮಯ ಬರೆದಿಡಿ. ಅಂಥ ಕಡೆ ಮೂರನೇ ಗಂಟೆಯ ಅಂದಾಜು ನಡೆಯಲ್ಲ.

ರಾತ್ರಿ ಪಾಳಿಯಲ್ಲಿ ಅಂಕಿ ಯಾರು ಬರೆಯುತ್ತೀರಿ? ಶನಿವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ.